800 ಮೀಟರಿಗೆ ಎಷ್ಟು ಸೆಕೆಂಡು? ಓಟದ ಮೈದಾನದಲ್ಲಿ ಒಂದು ಭಾಗಾಕಾರ

ಒಂದು ಲೆಕ್ಕ ಕೊಡುತ್ತೇನೆ, ಮುಂದೆ ಓದುವ ಮೊದಲು ನೀವೇ ಮಾಡಿ ನೋಡಿ. ಹತ್ತನೇ ತರಗತಿಯ ಒಬ್ಬ ಹುಡುಗ 3000 ಮೀಟರ್ ಓಟವನ್ನು 10 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು ಅಂತ ಗುರಿ ಇಟ್ಟುಕೊಂಡಿದ್ದಾನೆ. ಅಭ್ಯಾಸಕ್ಕಾಗಿ ಅದೇ ವೇಗದಲ್ಲಿ 800 ಮೀಟರನ್ನು ನಾಲ್ಕು ಸಲ, ನಡುವೆ ಸ್ವಲ್ಪ ಸುಧಾರಿಸಿಕೊಂಡು, ಓಡಬೇಕು. ಒಂದೊಂದು 800 ಮೀಟರಿಗೆ ಎಷ್ಟು ಸಮಯ ಹಿಡಿಯಬೇಕು?

3000 ಮೀಟರಿನಲ್ಲಿ 800 ಮೀಟರು 3.75 ಸಲ ಉಂಟು. ಆದ್ದರಿಂದ ಗುರಿ ಸಮಯವನ್ನು 3.75ರಿಂದ ಭಾಗಿಸಿದರೆ ಆಯಿತು. ಇಷ್ಟು ಎಲ್ಲರಿಗೂ ಹೊಳೆಯುತ್ತದೆ. ಮೊಬೈಲು ತೆಗೆದು 10.30 ÷ 3.75 ಅಂತ ಒತ್ತಿದರೆ 2.746 ಅಂತ ಬರುತ್ತದೆ. ಇಲ್ಲಿಂದ ದಾರಿ ಕವಲೊಡೆಯುತ್ತದೆ. ಒಬ್ಬರು ಅದನ್ನು "2 ನಿಮಿಷ 75 ಸೆಕೆಂಡು, ಅಂದರೆ 3 ನಿಮಿಷ 15 ಸೆಕೆಂಡು" ಅಂತ ಓದುತ್ತಾರೆ. ಇನ್ನೊಬ್ಬರು ಸ್ವಲ್ಪ ಜಾಗ್ರತೆಯವರು. 0.746ನ್ನು 60ರಿಂದ ಗುಣಿಸಿ "2 ನಿಮಿಷ 45 ಸೆಕೆಂಡು" ಅನ್ನುತ್ತಾರೆ. ಸರಿಯಾದ ಉತ್ತರ ಎರಡೂ ಅಲ್ಲ. ಅದು 2 ನಿಮಿಷ 48 ಸೆಕೆಂಡು.

ಎರಡರಲ್ಲಿ ಯಾವ ತಪ್ಪು ಹೆಚ್ಚು ಅಪಾಯದ್ದು ಹೇಳಿ? 3 ನಿಮಿಷ 15 ಸೆಕೆಂಡು ಅಂತ ಹೇಳಿದರೆ ಹುಡುಗನೇ ನಗುತ್ತಾನೆ, "ಸಾರ್, ಇದು ತುಂಬ ನಿಧಾನ" ಅನ್ನುತ್ತಾನೆ. ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ಆದರೆ 2 ನಿಮಿಷ 45 ಸೆಕೆಂಡು ನೋಡಲಿಕ್ಕೆ ಸರಿ ಇದ್ದ ಹಾಗೆಯೇ ಉಂಟು, ಯಾರಿಗೂ ಸಂಶಯ ಬರುವುದಿಲ್ಲ. ಆ ವೇಗದಲ್ಲಿ 3000 ಮೀಟರ್ ಓಡಿದರೆ 10 ನಿಮಿಷ 18 ಸೆಕೆಂಡು. ಯಾಕೆಂದರೆ 10.30 ನಿಮಿಷ ಅಂದರೆ 10 ನಿಮಿಷ 30 ಸೆಕೆಂಡಲ್ಲ, 0.30 ನಿಮಿಷ ಅಂದರೆ 18 ಸೆಕೆಂಡು ಮಾತ್ರ. ನಾವು ಹುಡುಗನಿಗೆ ಅವನು ಕೇಳಿದ್ದಕ್ಕಿಂತ 12 ಸೆಕೆಂಡು ಕಡಿಮೆಯ ಗುರಿಯನ್ನು ಗೊತ್ತಿಲ್ಲದೆ ಹೊರಿಸಿರುತ್ತೇವೆ. ಮೂರನೆಯ ಸುತ್ತಿಗೆ ಅವನ ಕಾಲು ಸೋತರೆ "ಇವನಿಗೆ ದಮ್ಮಿಲ್ಲ" ಅಂತ ತೀರ್ಮಾನವೂ ಆಗಿಬಿಡುತ್ತದೆ. ಸೋತದ್ದು ಕಾಲಲ್ಲ, ದಶಮಾಂಶ ಬಿಂದು.

ಮೊದಲು ಸೆಕೆಂಡು, ಆಮೇಲೆ ಭಾಗಾಕಾರ

ಇದಕ್ಕೆ ಮದ್ದು ಸುಲಭ. ಭಾಗಿಸುವ ಮೊದಲೇ ಇಡೀ ಸಮಯವನ್ನು ಸೆಕೆಂಡಿಗೆ ತಂದುಬಿಡಿ. 10 ನಿಮಿಷ 30 ಸೆಕೆಂಡು ಅಂದರೆ 10 × 60 + 30 = 630 ಸೆಕೆಂಡು. 630 ÷ 3.75 = 168 ಸೆಕೆಂಡು. 168ರಲ್ಲಿ 60 ಎರಡು ಸಲ, ಉಳಿದದ್ದು 48. ಉತ್ತರ 2 ನಿಮಿಷ 48 ಸೆಕೆಂಡು. ನಿಮಿಷಕ್ಕೆ ಮರಳುವುದು ಕಡೆಯ ಹೆಜ್ಜೆಯಲ್ಲಿ ಮಾತ್ರ.

ಓಟ ಬೇರೆಯಾದರೆ ಭಾಜಕ ಮಾತ್ರ ಬದಲಾಗುತ್ತದೆ. 5000 ಮೀಟರಿಗೆ 6.25, 10000 ಮೀಟರಿಗೆ 12.5. ಓಟದ ದೂರವನ್ನು 800ರಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು, ಬಾಯಿಪಾಠ ಮಾಡಬೇಕಾದ್ದಿಲ್ಲ.

ಅಭ್ಯಾಸಕ್ಕೆ 800 ಮೀಟರೇ ಯಾಕೆ ಅಂತ ಮಕ್ಕಳು ಕೇಳಬಹುದು. ಜೋರಾಗಿ ಓಡಲು ಶುರುಮಾಡಿದ ಕೂಡಲೇ ದೇಹ ಆಮ್ಲಜನಕವನ್ನು ಪೂರ್ತಿ ಪ್ರಮಾಣದಲ್ಲಿ ಬಳಸುವುದಿಲ್ಲ. ಉಸಿರಾಟ, ಹೃದಯ ಬಡಿತ, ಸ್ನಾಯುಗಳೊಳಗಿನ ಕೆಲಸ ಎಲ್ಲವೂ ಏರಿ ಗರಿಷ್ಠ ಮಟ್ಟದ ಹತ್ತಿರ ಬರಲು ಸುಮಾರು ಎರಡು ನಿಮಿಷ ಬೇಕು. 400 ಮೀಟರ್ ಅಷ್ಟರೊಳಗೆ ಮುಗಿದುಹೋಗುತ್ತದೆ. ಎರಡೂವರೆಯಿಂದ ಮೂರೂವರೆ ನಿಮಿಷ ಹಿಡಿಯುವ 800 ಮೀಟರಿನಲ್ಲಾದರೆ ಕೊನೆಯ ಸ್ವಲ್ಪ ಹೊತ್ತು ದೇಹ ಆ ಎತ್ತರದಲ್ಲಿ ದುಡಿಯುತ್ತದೆ. ಹಾಗಂತ ಆಯಾಸ ಇಡೀ ಓಟದಷ್ಟು ಆಗುವುದಿಲ್ಲ, ಸುಧಾರಿಸಿಕೊಂಡು ಮತ್ತೆ ಓಡಬಹುದು. ಇಂಟರ್ವಲ್ ಅಭ್ಯಾಸದ ತಿರುಳು ಇಷ್ಟೇ.

ಸೀಟಿ ಯಾವಾಗ ಊದಬೇಕು?

ಹುಡುಗನಿಗೆ "2 ನಿಮಿಷ 48 ಸೆಕೆಂಡಲ್ಲಿ ಓಡು" ಅಂದರೆ ಸಾಲದು. ಅವನ ಕೈಯಲ್ಲಿ ಗಡಿಯಾರ ಇದ್ದರೂ ಓಡುತ್ತಾ ನೋಡುವುದು ಕಷ್ಟ. ನಮ್ಮ ಹೆಚ್ಚಿನ ಶಾಲೆಗಳಲ್ಲಿ ಇರುವುದು 200 ಮೀಟರಿನ ಸುಣ್ಣದ ಟ್ರ್ಯಾಕು. 800 ಮೀಟರಿಗೆ ನಾಲ್ಕು ಸುತ್ತು. 168 ÷ 4 = 42. ಅಂದರೆ ಪ್ರತಿ ಸುತ್ತು 42 ಸೆಕೆಂಡು. ಗೆರೆಯ ಹತ್ತಿರ ನಿಂತು 42, 84, 126, 168ಕ್ಕೆ ಸೀಟಿ ಊದಿದರೆ ಹುಡುಗನಿಗೆ ತಾನು ಮುಂದಿದ್ದೇನೋ ಹಿಂದಿದ್ದೇನೋ ಕಿವಿಯಿಂದಲೇ ಗೊತ್ತಾಗುತ್ತದೆ.

ಲೆಕ್ಕ ಎಲ್ಲಾ ಸಲ ಇಷ್ಟು ನುಣುಪಾಗಿ ಬರುವುದಿಲ್ಲ. ಗುರಿ 10 ನಿಮಿಷ 40 ಸೆಕೆಂಡು ಅಂತಿಟ್ಟುಕೊಳ್ಳಿ. 640 ÷ 3.75 = 170.67. ಒಂದು ಸುತ್ತಿಗೆ 42.67 ಸೆಕೆಂಡು. ಇದನ್ನು ಪೂರ್ಣಾಂಕ ಮಾಡಿ ಸುತ್ತಿಗೆ 43 ಅಂತ ಹಿಡಿದು, ನಾಲ್ಕು ಸಲ 43 ಊದಿದರೆ ಏನಾಗುತ್ತದೆ? 172 ಸೆಕೆಂಡು. ಆ ವೇಗದಲ್ಲಿ 3000 ಮೀಟರಿಗೆ 645 ಸೆಕೆಂಡು, ಅಂದರೆ 10 ನಿಮಿಷ 45 ಸೆಕೆಂಡು. ಸುತ್ತಿಗೆ ಮೂರನೇ ಒಂದು ಸೆಕೆಂಡಿನ ಉದಾರತೆ ಕೊನೆಗೆ 5 ಸೆಕೆಂಡಾಗಿ ಬೆಳೆಯಿತು.

ಹಾಗಾಗಿ ಸುತ್ತನ್ನು ಪೂರ್ಣಾಂಕ ಮಾಡಬೇಡಿ, ಒಟ್ಟು ಮೊತ್ತವನ್ನು ಮಾಡಿ. 42.67, 85.33, 128.00, 170.67 ಅಂತ ಬರೆದುಕೊಂಡು ಆಮೇಲೆ ಹತ್ತಿರದ ಸೆಕೆಂಡಿಗೆ ತನ್ನಿ: 43, 85, 128, 171. ಈಗ ಯಾವ ಸೀಟಿಯೂ ಅರ್ಧ ಸೆಕೆಂಡಿಗಿಂತ ಹೆಚ್ಚು ತಪ್ಪುವುದಿಲ್ಲ. ತಪ್ಪು ಒಂದರ ಮೇಲೊಂದು ಪೇರಿಸಿಕೊಳ್ಳುವುದೂ ಇಲ್ಲ. ಸೆಕೆಂಡಿಗಿಂತ ಸೂಕ್ಷ್ಮಕ್ಕೆ ಹೋಗುವ ಅಗತ್ಯ ಇಲ್ಲ; ಕೈಯಲ್ಲಿ ಸ್ಟಾಪ್ ವಾಚ್ ಒತ್ತುವಾಗಲೇ ಸೆಕೆಂಡಿನ ಹತ್ತನೇ ಒಂದೆರಡು ಭಾಗ ಅತ್ತಿತ್ತ ಆಗುತ್ತದೆ.

ಆ 800 ಮೀಟರು ನಿಜಕ್ಕೂ 800 ಮೀಟರಾ?

ಸಮಯದ ಲೆಕ್ಕ ಎಷ್ಟು ಸರಿ ಇದ್ದರೂ ದೂರ ತಪ್ಪಿದ್ದರೆ ಎಲ್ಲವೂ ವ್ಯರ್ಥ. ಪ್ರಮಾಣಿತ 400 ಮೀಟರ್ ಟ್ರ್ಯಾಕನ್ನು ನೋಡಿ. ನೇರ ಭಾಗ ಒಂದೊಂದು 84.39 ಮೀಟರ್, ತಿರುವಿನ ಒಳ ಅಂಚಿನ ತ್ರಿಜ್ಯ 36.50 ಮೀಟರ್. ಈ ಎರಡನ್ನೇ ಹಿಡಿದು ಲೆಕ್ಕ ಹಾಕಿದರೆ 400 ಬರುವುದಿಲ್ಲ, ಸುಮಾರು 398 ಬರುತ್ತದೆ. ಯಾಕೆಂದರೆ ಓಟಗಾರ ಅಂಚಿನ ಮೇಲೆಯೇ ಓಡುವುದಿಲ್ಲ. ಒಳ ಅಂಚಿನಲ್ಲಿ ಎತ್ತರಿಸಿದ ಕಟ್ಟೆ ಇದ್ದರೆ ಅದರಿಂದ 30 ಸೆಂಟಿಮೀಟರ್ ಹೊರಗೆ, ಬರಿಯ ಗೆರೆ ಇದ್ದರೆ ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಅಳೆಯಬೇಕು ಅನ್ನುವುದು ನಿಯಮ. 36.80 ಮೀಟರ್ ತ್ರಿಜ್ಯ ಹಿಡಿದು ಲೆಕ್ಕ ಹಾಕಿ, ಸರಿಯಾಗಿ 400 ಸಿಗುತ್ತದೆ.

ಈಗ ನಮ್ಮ ಮೈದಾನಕ್ಕೆ ಬನ್ನಿ. 50 ಮೀಟರಿನ ಎರಡು ನೇರ ಭಾಗ, ಒಟ್ಟು 100 ಮೀಟರಿನ ಎರಡು ಅರ್ಧವೃತ್ತ. 100 ÷ 2π, ತ್ರಿಜ್ಯ 15.92 ಮೀಟರ್. ಗೂಟ ನೆಟ್ಟು, 15.92 ಮೀಟರ್ ಹಗ್ಗ ಕಟ್ಟಿ, ಸುಣ್ಣ ಹಾಕುತ್ತೇವೆ. ಆದರೆ ಹುಡುಗ ಓಡುವುದು ಗೆರೆಯಿಂದ 20 ಸೆಂಟಿಮೀಟರ್ ಹೊರಗೆ. ಒಂದು ಸುತ್ತಿಗೆ 2π × 0.20, ಅಂದರೆ 1.26 ಮೀಟರ್ ಹೆಚ್ಚು. ನಾಲ್ಕು ಸುತ್ತಿಗೆ ಸುಮಾರು 5 ಮೀಟರ್. 168 ಸೆಕೆಂಡಿಗೆ 800 ಮೀಟರ್ ಓಡುವವನ ವೇಗ ಸೆಕೆಂಡಿಗೆ 4.76 ಮೀಟರ್. ಹಾಗಾದರೆ ಸುಮಾರು ಒಂದು ಸೆಕೆಂಡು ಸುಮ್ಮನೆ ಹೋಯಿತು. ಹಗ್ಗವನ್ನು 15.72 ಮೀಟರಿಗೆ ಕಟ್ಟಿದರೆ ಈ ತೊಂದರೆ ಇಲ್ಲ. ಒಂದು ವೇಳೆ ಹಗ್ಗ ಸ್ವಲ್ಪ ಎಳೆದುಕೊಳ್ಳುವಂಥದ್ದಾದರೆ ಆ ಲಾಭವೂ ಹೋಯಿತು. ಅಳತೆ ಟೇಪನ್ನೇ ಬಳಸುವುದು ಒಳ್ಳೆಯದು.

ಒಂದು ಸೆಕೆಂಡು ಸಹಿಸಬಹುದು. ಆದರೆ ಮಳೆಗಾಲ ಮುಗಿದ ಹೊಸತರಲ್ಲಿ ಒಳ ಅಂಚಿನ ಹತ್ತಿರ ನೀರು ನಿಂತು ಹುಡುಗರು ಒಂದು ಮೀಟರ್ ಹೊರಗಿಂದ ಓಡುವುದನ್ನು ನೀವು ನೋಡಿರುತ್ತೀರಿ. ಇಬ್ಬರು ಗೆಳೆಯರು ಜೋಡಿಯಾಗಿ ಓಡುವಾಗ ಹೊರಗಿನವನದ್ದೂ ಅದೇ ಕತೆ. ಅಳೆದ ದಾರಿಗಿಂತ ಒಂದು ಮೀಟರ್ ಹೊರಗೆ ಓಡಿದರೆ ಸುತ್ತಿಗೆ 2π, ಅಂದರೆ 6.28 ಮೀಟರ್ ಹೆಚ್ಚು; ನಾಲ್ಕು ಸುತ್ತಿಗೆ 25 ಮೀಟರ್. ಸಮಯದಲ್ಲಿ ಐದು ಸೆಕೆಂಡಿಗಿಂತ ಜಾಸ್ತಿ. ಒಳಗಿನವನು 2 ನಿಮಿಷ 48ಕ್ಕೆ ಮುಟ್ಟುವಾಗ, ಅಷ್ಟೇ ವೇಗದಲ್ಲಿ ಓಡಿದ ಹೊರಗಿನವನು 2 ನಿಮಿಷ 53ಕ್ಕೆ ಮುಟ್ಟುತ್ತಾನೆ. ಇಬ್ಬರಲ್ಲಿ ಯಾರು ಚುರುಕು ಅಂತ ಗಡಿಯಾರ ನೋಡಿ ಹೇಳಲಿಕ್ಕೆ ಆಗುವುದಿಲ್ಲ.

ಇಲ್ಲಿ ಗಣಿತದ ತರಗತಿಗೆ ಒಂದು ಸ್ವಾರಸ್ಯ ಉಂಟು. ಈ 6.28 ಮೀಟರ್ ಟ್ರ್ಯಾಕಿನ ಗಾತ್ರವನ್ನು ಅವಲಂಬಿಸಿಲ್ಲ. 200 ಮೀಟರ್ ಟ್ರ್ಯಾಕಾದರೂ 400 ಮೀಟರ್ ಟ್ರ್ಯಾಕಾದರೂ ಒಂದು ಮೀಟರ್ ಹೊರಗೆ ಹೋದರೆ ಸುತ್ತಿಗೆ ಅಷ್ಟೇ ಹೆಚ್ಚುತ್ತದೆ. ಆದರೆ 800 ಮೀಟರಿಗೆ ದೊಡ್ಡ ಟ್ರ್ಯಾಕಿನಲ್ಲಿ ಎರಡೇ ಸುತ್ತು, ನಮ್ಮಲ್ಲಿ ನಾಲ್ಕು. ಹಾಗಾಗಿ ಸಣ್ಣ ಮೈದಾನದವರಿಗೆ ಈ ನಷ್ಟ ಎರಡರಷ್ಟು.

ಗುರಿಯ ವೇಗವೋ, ಇವತ್ತಿನ ವೇಗವೋ?

ಈಗ ಲೆಕ್ಕದ ಆಚೆಗಿನ ಪ್ರಶ್ನೆ. ಹುಡುಗನ ಗುರಿ 10 ನಿಮಿಷ 30 ಸೆಕೆಂಡು, ಸರಿ. ಆದರೆ ಇವತ್ತು ಅವನನ್ನು 3000 ಮೀಟರ್ ಓಡಿಸಿದರೆ ಎಷ್ಟರಲ್ಲಿ ಮುಟ್ಟುತ್ತಾನೆ? 11 ನಿಮಿಷ 15 ಸೆಕೆಂಡು ಅಂತಿಟ್ಟುಕೊಳ್ಳಿ. 675 ÷ 3.75 = 180. ಅಂದರೆ ಅವನ ಇವತ್ತಿನ ವೇಗ 800 ಮೀಟರಿಗೆ ಸರಿಯಾಗಿ 3 ನಿಮಿಷ. ಗುರಿಯ ವೇಗ 2 ನಿಮಿಷ 48. ನಡುವೆ 12 ಸೆಕೆಂಡಿನ ಅಂತರ ಉಂಟು. ಮೊದಲನೇ ವಾರದಲ್ಲೇ ಇದನ್ನು ಹಾರಿಸಿದರೆ ಅಭ್ಯಾಸ ಹೀಗೆ ಬರುತ್ತದೆ:

ಮೊದಲನೆಯದು 2 ನಿಮಿಷ 48, ಎರಡನೆಯದು 2 ನಿಮಿಷ 55, ಮೂರನೆಯದು 3 ನಿಮಿಷ 3, ನಾಲ್ಕನೆಯದು 3 ನಿಮಿಷ 10.

ಇದರ ಸರಾಸರಿ ತೆಗೆದರೆ 2 ನಿಮಿಷ 59. "ಪರವಾಗಿಲ್ಲ, 3 ನಿಮಿಷದ ಒಳಗೇ ಉಂಟಲ್ಲ" ಅಂತ ಅನಿಸಬಹುದು. ಸರಾಸರಿ ಇಲ್ಲಿ ಮೋಸ ಮಾಡುತ್ತದೆ. ನೋಡಬೇಕಾದ್ದು ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ಅಂತರ, 22 ಸೆಕೆಂಡು. ಹುಡುಗ ಗುರಿಯ ವೇಗದಲ್ಲಿ ಓಡಿದ್ದು ಒಂದೇ ಸಲ. ಉಳಿದ ಮೂರು ಸಲ ಓಡಿದ್ದು ಸೋತ ಕಾಲಿನಲ್ಲಿ, ಬೇರೆ ಬೇರೆ ವೇಗದಲ್ಲಿ. ಕಾಲಿಗೆ ಯಾವ ಲಯವೂ ಅಭ್ಯಾಸ ಆಗಲಿಲ್ಲ.

ಆದ್ದರಿಂದ ಮೆಟ್ಟಿಲು ಹಾಕಿ. 3000 ಮೀಟರಿನ 15 ಸೆಕೆಂಡಿಗೆ 800 ಮೀಟರಿನಲ್ಲಿ ಸರಿಯಾಗಿ 4 ಸೆಕೆಂಡು (15 ÷ 3.75). 200 ಮೀಟರಿನ ಸುತ್ತಿಗೆ ಒಂದೇ ಸೆಕೆಂಡು. ಇದನ್ನು ಚಾರ್ಟಿನಲ್ಲಿ ಬರೆದು ತೂಗುಹಾಕಬಹುದು:

- 3000 ಮೀಟರ್ 11 ನಿಮಿಷ 15 ಸೆಕೆಂಡು: 800 ಮೀಟರಿಗೆ 3 ನಿಮಿಷ, ಸುತ್ತಿಗೆ 45 ಸೆಕೆಂಡು
- 3000 ಮೀಟರ್ 11 ನಿಮಿಷ: 800 ಮೀಟರಿಗೆ 2 ನಿಮಿಷ 56 ಸೆಕೆಂಡು, ಸುತ್ತಿಗೆ 44 ಸೆಕೆಂಡು
- 3000 ಮೀಟರ್ 10 ನಿಮಿಷ 45 ಸೆಕೆಂಡು: 800 ಮೀಟರಿಗೆ 2 ನಿಮಿಷ 52 ಸೆಕೆಂಡು, ಸುತ್ತಿಗೆ 43 ಸೆಕೆಂಡು
- 3000 ಮೀಟರ್ 10 ನಿಮಿಷ 30 ಸೆಕೆಂಡು: 800 ಮೀಟರಿಗೆ 2 ನಿಮಿಷ 48 ಸೆಕೆಂಡು, ಸುತ್ತಿಗೆ 42 ಸೆಕೆಂಡು

ಹುಡುಗ 3 ನಿಮಿಷದಿಂದ ಶುರುಮಾಡಿ, ಅದು ಹಗುರಾದ ಮೇಲೆ 2 ನಿಮಿಷ 56ಕ್ಕೆ ಬರಲಿ. ಆ ಮೆಟ್ಟಿಲಿನಲ್ಲಿ ನಾಲ್ಕು ಓಟ 2:55, 2:56, 2:57, 2:56 ಅಂತ ಬಂದರೆ ಮೆಟ್ಟಿಲು ಅವನದ್ದಾಯಿತು ಅಂತ ಲೆಕ್ಕ. ಇಂಥದ್ದು ಬೇರೆ ಬೇರೆ ವಾರಗಳಲ್ಲಿ ಎರಡು ಮೂರು ಸಲ ಸಿಕ್ಕಿದ ಮೇಲೆ ಮುಂದಿನದಕ್ಕೆ ಹೋಗಬಹುದು. ವಾರಕ್ಕೆ ಒಂದು ದಿನ ಈ ಅಭ್ಯಾಸ ಸಾಕು. ಉಳಿದ ದಿನ ಮಾತಾಡುತ್ತಾ ಓಡಬಹುದಾದ ನಿಧಾನದ ಓಟ. ಕ್ರೀಡಾಕೂಟದ ದಿನಕ್ಕೆ ಹುಡುಗ 2 ನಿಮಿಷ 52ರ ಮೆಟ್ಟಿಲಿನಲ್ಲೇ ಇದ್ದರೆ ಗುರಿಯನ್ನು 10 ನಿಮಿಷ 45ಕ್ಕೆ ಇಳಿಸಬೇಕು. ಅವತ್ತು ಮೊದಲನೇ ಸುತ್ತನ್ನೇ 42ಕ್ಕೆ ಓಡಿದರೆ ಕೊನೆಯ ಸುತ್ತುಗಳಲ್ಲಿ ಅದರ ಎರಡರಷ್ಟು ಕಳೆದುಕೊಳ್ಳುವ ಸಂಭವವೇ ಹೆಚ್ಚು.

ವಿಶ್ರಾಂತಿಯನ್ನೂ ಬರೆದಿಡಿ

ಎಷ್ಟೋ ನೋಟುಪುಸ್ತಕಗಳಲ್ಲಿ "800 × 4, 2:56" ಅಂತ ಮಾತ್ರ ಇರುತ್ತದೆ. ನಡುವೆ ಎಷ್ಟು ವಿಶ್ರಾಂತಿ ಅಂತ ಇರುವುದಿಲ್ಲ. ಹಾಗಿದ್ದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ. ಏಳೆಂಟು ನಿಮಿಷ ನೆರಳಲ್ಲಿ ಕೂತು ನೀರು ಕುಡಿದು ಎದ್ದರೆ ಮೇಲಿನ ಮೆಟ್ಟಿಲೂ ಸುಲಭ ಅನಿಸುತ್ತದೆ. ಆದರೆ ಅದು ನಾಲ್ಕು ಬೇರೆ ಬೇರೆ 800 ಮೀಟರ್ ಓಟ, 3000 ಮೀಟರಿನ ತಯಾರಿ ಅಲ್ಲ. ಒಂದು ನಿಮಿಷ ಮಾತ್ರ ಕೊಟ್ಟರೆ ಮೂರನೆಯದರಲ್ಲೇ ವೇಗ ಕುಸಿಯುತ್ತದೆ. ಸಾಮಾನ್ಯವಾಗಿ ಓಡಿದಷ್ಟೇ ಹೊತ್ತು ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ ವಿಶ್ರಾಂತಿ ಕೊಡುವುದು ರೂಢಿ. 2 ನಿಮಿಷ 56 ಓಡುವವನಿಗೆ ಎರಡೂವರೆಯಿಂದ ಮೂರು ನಿಮಿಷ, ಕೂರದೆ, ನಡೆಯುತ್ತಾ ಅಥವಾ ಮೆಲ್ಲಗೆ ಓಡುತ್ತಾ. ಇವತ್ತು ಎರಡೂವರೆ ಕೊಟ್ಟರೆ ಮುಂದಿನ ವಾರವೂ ಎರಡೂವರೆಯೇ ಇರಲಿ. ಪ್ರಯೋಗದಲ್ಲಿ ಒಂದು ಚರಾಂಶವನ್ನು ಬದಲಿಸುವಾಗ ಉಳಿದದ್ದನ್ನು ಸ್ಥಿರವಾಗಿಡಿ ಅಂತ ನಾವೇ ತರಗತಿಯಲ್ಲಿ ಹೇಳುತ್ತೇವಲ್ಲ, ಅದೇ ನಿಯಮ.

ಸುತ್ತಿನ ಸಮಯಗಳನ್ನೂ ಬರೆದಿಟ್ಟರೆ ಇನ್ನೊಂದು ವಿಷಯ ಕಾಣುತ್ತದೆ. 42, 42, 42, 42 ಓಡಿದವನೂ 168 ಸೆಕೆಂಡು. 38, 42, 44, 44 ಓಡಿದವನೂ 168 ಸೆಕೆಂಡು. ಒಟ್ಟು ಒಂದೇ, ಓಟ ಬೇರೆ. ಎರಡನೆಯವನು ಉತ್ಸಾಹದಲ್ಲಿ ಹೊರಟು, ಅರ್ಧ ದಾರಿಗೆ ಸಾಲ ತೀರಿಸಲು ಶುರುಮಾಡಿದ್ದಾನೆ. ಅವನಿಗೆ ಮುಂದಿನ ಮೆಟ್ಟಿಲು ಕೊಡಬೇಡಿ. ಮೊದಲನೇ ಸೀಟಿಗಿಂತ ಮುಂಚೆ ಗೆರೆ ದಾಟಬಾರದು ಅನ್ನುವ ಒಂದು ಷರತ್ತು ಹಾಕಿ, ಇದೇ ಮೆಟ್ಟಿಲಿನಲ್ಲಿ ಮತ್ತೆ ಓಡಿಸಿ.

ಭಾಗಾಕಾರ ನಡೆಯದ ಜಾಗ

ಈ ವಿಧಾನಕ್ಕೆ ಒಂದು ಮಿತಿ ಉಂಟು. 1500 ಮೀಟರನ್ನು 5 ನಿಮಿಷದಲ್ಲಿ ಓಡಬೇಕಾದವನಿಗೆ 300 ÷ 1.875 = 160, ಅಂದರೆ 2 ನಿಮಿಷ 40 ಸೆಕೆಂಡು ಅಂತ ಲೆಕ್ಕ ಬರುತ್ತದೆ. ಲೆಕ್ಕ ಸರಿ, ಅಭ್ಯಾಸ ಸರಿ ಅಲ್ಲ. 800 ಮೀಟರು ಅವನ ಓಟದ ಅರ್ಧಕ್ಕಿಂತ ಹೆಚ್ಚು. ಆ ವೇಗದಲ್ಲಿ ಎರಡೂವರೆ ನಿಮಿಷದ ವಿಶ್ರಾಂತಿಯಲ್ಲಿ ನಾಲ್ಕು ಸಲ ಓಡಲು ಆಗುವುದಿಲ್ಲ. ಅವನಿಗೆ 400 ಮೀಟರಿನ ತುಂಡುಗಳು, 80 ಸೆಕೆಂಡಿನಂತೆ, ಹೆಚ್ಚು ಹೊಂದುತ್ತವೆ.

ಇನ್ನೊಂದು ತುದಿಯಲ್ಲಿ ಮ್ಯಾರಥಾನ್. ಅಮೆರಿಕದ 'ರನ್ನರ್ಸ್ ವರ್ಲ್ಡ್' ಪತ್ರಿಕೆಯಲ್ಲಿದ್ದ ಬಾರ್ಟ್ ಯಾಸೋ ಅವರ ಹೆಸರಿನಲ್ಲಿ ಒಂದು ಸೂತ್ರ ಪ್ರಸಿದ್ಧವಾಗಿದೆ: ಮ್ಯಾರಥಾನನ್ನು 3 ಗಂಟೆ 30 ನಿಮಿಷದಲ್ಲಿ ಓಡಬೇಕಾದರೆ 800 ಮೀಟರನ್ನು 3 ನಿಮಿಷ 30 ಸೆಕೆಂಡಿನಂತೆ ಹತ್ತು ಸಲ ಓಡಿ. ನೆನಪಿಡಲು ಚೆಂದ. ಆದರೆ ಅದು ಮ್ಯಾರಥಾನಿನ ವೇಗವಲ್ಲ. 42,195 ಮೀಟರಿನಲ್ಲಿ 800 ಮೀಟರು 52.74 ಸಲ ಉಂಟು. 12,600 ÷ 52.74 ಸುಮಾರು 239 ಸೆಕೆಂಡು, ಅಂದರೆ 3 ನಿಮಿಷ 59. ಯಾಸೋ ಸೂತ್ರದ 800 ಮೀಟರು ಅದಕ್ಕಿಂತ 29 ಸೆಕೆಂಡು ಚುರುಕು. ಗಂಟೆಯನ್ನು ನಿಮಿಷ ಮಾಡುವುದೆಂದರೆ 60ರಿಂದ ಭಾಗಿಸಿದ ಹಾಗೆ; 52.74ರ ಬದಲು 60 ಬಳಸಿದ್ದೇ ಆ ವ್ಯತ್ಯಾಸದ ಗುಟ್ಟು. ಯಾರಾದರೂ ಈ ಸೂತ್ರವನ್ನು 3000 ಮೀಟರಿನ ಹುಡುಗರಿಗೆ ಹಚ್ಚಲು ಬಂದರೆ ಇದನ್ನು ತೋರಿಸಿ.

ತರಗತಿಗೆ ಮೂರು ಲೆಕ್ಕ

1. ಒಬ್ಬಳು 5000 ಮೀಟರನ್ನು 20 ನಿಮಿಷದಲ್ಲಿ ಓಡಬೇಕು. 800 ಮೀಟರಿಗೆ ಎಷ್ಟು? ಕ್ಯಾಲ್ಕ್ಯುಲೇಟರಿನಲ್ಲಿ 3.2 ಅಂತ ಬಂದದ್ದನ್ನು 3 ನಿಮಿಷ 20 ಅಂತ ಓದಿದರೆ 5000 ಮೀಟರಿನಲ್ಲಿ ಎಷ್ಟು ತಡವಾಗುತ್ತದೆ?

2. 3000 ಮೀಟರಿಗೆ 11 ನಿಮಿಷ 10 ಸೆಕೆಂಡು ಗುರಿ. 200 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸೀಟಿಗಳು ಯಾವ ಸೆಕೆಂಡಿಗೆ?

3. ನಿಮ್ಮ ಶಾಲೆಯ ಟ್ರ್ಯಾಕಿನ ತ್ರಿಜ್ಯವನ್ನು ಟೇಪಿನಿಂದ ಅಳೆಯಿರಿ. ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಒಂದು ಸುತ್ತು ಎಷ್ಟು ಮೀಟರ್? ನಾಲ್ಕು ಸುತ್ತು 800ಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ?

ಉತ್ತರ: ಮೊದಲನೆಯದಕ್ಕೆ 3 ನಿಮಿಷ 12 ಸೆಕೆಂಡು, ತಪ್ಪಾಗಿ ಓದಿದರೆ 50 ಸೆಕೆಂಡು ತಡ. ಎರಡನೆಯದಕ್ಕೆ 45, 89, 134, 179. ಮೂರನೆಯದರ ಉತ್ತರ ನಿಮ್ಮ ಮೈದಾನದಲ್ಲಿ ಉಂಟು.